ಒಂದೂವರೆಗೆ ಆಫ್ ಆಗುತ್ತಿದ್ದ ಟಿವಿ

ತಿಪಟೂರಿನ ಒಂದು ಹಲ್ಲಿನ ಆಸ್ಪತ್ರೆ. ಹೊರಗಿನ ಕೋಣೆಯಲ್ಲಿ ಎಂಟು ಕುರ್ಚಿ, ಮೂಲೆಯಲ್ಲಿ ನೀರಿನ ಕ್ಯಾನ್, ರಿಸೆಪ್ಷನ್ ಮೇಜಿನ ಹಿಂದಿನ ಗೋಡೆಗೆ 32 ಇಂಚಿನ ಟಿವಿ. ಅದಕ್ಕೆ ಕೇಬಲ್ ಸಂಪರ್ಕವಿಲ್ಲ, ಇಂಟರ್ನೆಟ್ ಇಲ್ಲ. ಡಾಕ್ಟರು ಅದನ್ನು ಕೊಂಡದ್ದೇ ಪೆನ್‌ಡ್ರೈವ್‌ನಲ್ಲಿ ತಮ್ಮ ಆಸ್ಪತ್ರೆಯ ವಿಡಿಯೊಗಳನ್ನು ಹಾಕಿ ದಿನವಿಡೀ ಓಡಿಸುವುದಕ್ಕೆ. ತಂದು ತಿಂಗಳಾದರೂ ಒಂದು ದಿನವೂ ನೆಟ್ಟಗೆ ಓಡಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ಮತ್ತು ಸಿಸಿಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಕರೆ ಬಂತು.

ಹೋದ ಕೂಡಲೇ ಮೂರು ದೂರುಗಳು. ಕೆಲವು ವಿಡಿಯೊ ಬರುವುದೇ ಇಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಪರದೆಯ ಮೇಲೆ ಫೈಲ್ ಹೆಸರುಗಳು ಬಂದು ಅಸಹ್ಯವಾಗಿ ಕಾಣುತ್ತದೆ. ಮೂರನೆಯದು, ಮಧ್ಯಾಹ್ನದ ಹೊತ್ತಿಗೆ ಟಿವಿ ತಾನಾಗಿಯೇ ಆಫ್ ಆಗುತ್ತದೆ. ಈ ಮೂರನೆಯದಕ್ಕೆ ಆಗಲೇ ಒಬ್ಬ ಟಿವಿ ಮೆಕ್ಯಾನಿಕ್ ಬಂದು ನೋಡಿ, ಪವರ್ ಬೋರ್ಡ್ ಬಿಸಿಯಾಗುತ್ತಿದೆ, ಬದಲಾಯಿಸಬೇಕು ಎಂದು ಹೇಳಿ ಹೋಗಿದ್ದರು. ಡಾಕ್ಟರಿಗೆ ಒಂದು ತಿಂಗಳ ಹಳೆಯ ಟಿವಿಯ ಬೋರ್ಡ್ ಬದಲಾಯಿಸಲು ಮನಸ್ಸಿರಲಿಲ್ಲ, ನ್ಯಾಯವೇ.

ನಾನು ಮೊದಲು ಪೆನ್‌ಡ್ರೈವ್ ನೋಡಿದೆ. ಡಾಕ್ಟರ ಪ್ರಕಾರ ಅದರಲ್ಲಿದ್ದದ್ದು ಏಳು ವಿಡಿಯೊ. ಟಿವಿಯ ಪಟ್ಟಿಯಲ್ಲಿ ಎಣಿಸಿದರೆ ಹದಿನಾಲ್ಕು! ಅರ್ಧದಷ್ಟರ ಹೆಸರು ಚುಕ್ಕಿ ಮತ್ತು ಅಡ್ಡಗೆರೆಯಿಂದ ಶುರುವಾಗುತ್ತಿತ್ತು: `01_welcome.mp4` ಇದ್ದ ಹಾಗೆಯೇ `._01_welcome.mp4` ಕೂಡ ಇತ್ತು. ವಿಡಿಯೊಗಳನ್ನು ಜೋಡಿಸಿಕೊಟ್ಟ ಹುಡುಗನ ಬಳಿ ಇದ್ದದ್ದು ಮ್ಯಾಕ್. ಮ್ಯಾಕ್‌ನಿಂದ ಪೆನ್‌ಡ್ರೈವ್‌ಗೆ ಫೈಲ್ ಹಾಕಿದಾಗ ಅದು ತನ್ನ ಲೆಕ್ಕಪತ್ರಕ್ಕಾಗಿ ಪ್ರತಿ ಫೈಲ್‌ಗೂ ಇಂಥ ಪುಟ್ಟ ನೆರಳೊಂದನ್ನು ಇಟ್ಟುಬಿಡುತ್ತದೆ. ಅದು ಕೆಲವೇ ಕಿಲೋಬೈಟ್‌ನದು, ಒಳಗೆ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಮ್ಯಾಕ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಹುಡುಗನ ತಪ್ಪೇನೂ ಇಲ್ಲ. ಟಿವಿ ಮಾತ್ರ ಹೆಸರಿನ ಕೊನೆಯ `.mp4` ನೋಡಿ ಅದನ್ನೂ ವಿಡಿಯೊ ಎಂದೇ ನಂಬಿ ಓಡಿಸಲು ಹೋಗಿ, `File not supported` ಎಂದು ಹೇಳಿ, ಯಾರಾದರೂ ರಿಮೋಟ್‌ನಲ್ಲಿ ಓಕೆ ಒತ್ತಲಿ ಎಂದು ಕಾಯುತ್ತಾ ನಿಂತುಬಿಡುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮರೆಯಾಗಿರುವ ಫೈಲ್‌ಗಳನ್ನೂ ತೋರಿಸುವಂತೆ ಮಾಡಿಕೊಂಡು ಆ ಏಳನ್ನೂ ಅಳಿಸಿದೆ.

ನಿಜವಾಗಿಯೂ ಬಾರದಿದ್ದ ವಿಡಿಯೊ ಒಂದೇ. ಅದು ಡಾಕ್ಟರ ಸ್ವಾಗತದ ಮಾತು. ಧ್ವನಿ ಕೇಳುತ್ತಿತ್ತು, ಪರದೆ ಮಾತ್ರ ಕಪ್ಪು. ಧ್ವನಿ ಇದ್ದು ಚಿತ್ರವಿಲ್ಲ ಎಂದರೆ ಫೈಲ್ ಕೆಟ್ಟಿಲ್ಲ, ಚಿತ್ರವನ್ನು ಅದುಮಿಟ್ಟ ವಿಧಾನ ಟಿವಿಗೆ ಗೊತ್ತಿಲ್ಲ ಎಂದು ಅರ್ಥ. ಡಾಕ್ಟರು ಅದನ್ನು ಐಫೋನ್‌ನಲ್ಲಿ ಚಿತ್ರೀಕರಿಸಿದ್ದರು. ಐಫೋನ್ ಜಾಗ ಉಳಿಸಲು ಮಾಮೂಲಾಗಿ ಎಚ್‌ಇವಿಸಿ ಎಂಬ ಹೊಸ ವಿಧಾನದಲ್ಲಿ ವಿಡಿಯೊ ಉಳಿಸುತ್ತದೆ. ಕಡಿಮೆ ಬೆಲೆಯ ಬಹಳಷ್ಟು ಟಿವಿಗಳಿಗೆ ಅರ್ಥವಾಗುವುದು ಅದರ ಹಿಂದಿನ ತಲೆಮಾರಿನ ಎಚ್.264. ಕಂಪ್ಯೂಟರಿನಲ್ಲಿ ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಅವರು ಫೋನ್ ಅನ್ನು ನಿಲ್ಲಿಸಿ ಹಿಡಿದು ತೆಗೆದಿದ್ದರು, ಅಗಲದ ಟಿವಿಯ ನಟ್ಟನಡುವೆ ಒಂದು ಕಂಬದಷ್ಟು ಚಿತ್ರ ಮಾತ್ರ ಬರುತ್ತಿತ್ತು. ನಲವತ್ತು ಸೆಕೆಂಡಿನ ಮಾತಿಗೆ ಅಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು, ಫೋನ್‌ನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `Formats` ಒಳಗೆ `Most Compatible` ಆರಿಸಿ, ಫೋನ್ ಮಲಗಿಸಿ ಹಿಡಿದು ಇನ್ನೊಮ್ಮೆ ಮಾತಾಡಿಸಿದೆವು. ಎರಡನೇ ಸಲ ಅವರು ಮೊದಲಿಗಿಂತ ಚೆನ್ನಾಗಿಯೇ ಮಾತಾಡಿದರು.

ಇಷ್ಟಾಗಿ ಎಲ್ಲವೂ ಓಡಿದವು. ಓಡುವುದನ್ನು ಕುರ್ಚಿಯಲ್ಲಿ ಕೂತು ನೋಡಿದಾಗ ಎರಡನೆಯ ದೂರು ಅರ್ಥವಾಯಿತು. ಪ್ರತಿ ವಿಡಿಯೊ ಮುಗಿದಾಗಲೂ ಪರದೆ ಕಪ್ಪಾಗಿ, ಫೈಲ್ ಪಟ್ಟಿ ಇಣುಕಿ, ಮುಂದಿನದು ತೆರೆಯುವಷ್ಟರಲ್ಲಿ ಮೂರು ನಾಲ್ಕು ಸೆಕೆಂಡು ಹೋಗುತ್ತಿತ್ತು. ತೆರೆದ ಮೇಲೂ ಕೆಳಗಡೆ ಫೈಲ್ ಹೆಸರಿನ ಪಟ್ಟಿಯೊಂದು ಸ್ವಲ್ಪ ಹೊತ್ತು ನಿಂತಿರುತ್ತಿತ್ತು. ಅರ್ಧ ನಿಮಿಷದ ತುಣುಕುಗಳೇ ಹೆಚ್ಚಿದ್ದಾಗ ಜನ ನೋಡುವುದು ವಿಡಿಯೊಕ್ಕಿಂತ ಈ ತೇಪೆಯನ್ನೇ. ಇದನ್ನು ತೆಗೆಯುವ ಸೆಟ್ಟಿಂಗ್ ಟಿವಿಯಲ್ಲಿ ಇರಲಿಲ್ಲ. ಮನೆಯ ಟಿವಿಯೊಳಗಿನ ಪ್ಲೇಯರ್ ಒಂದು ಫೈಲ್ ಪೂರ್ತಿ ಮುಚ್ಚಿದ ಮೇಲಷ್ಟೇ ಇನ್ನೊಂದನ್ನು ತೆರೆಯುವುದು. ಹಾಗಾಗಿ ಉಪಾಯ ಟಿವಿಯ ಹೊರಗೇ ಆಗಬೇಕು, ಎಲ್ಲವನ್ನೂ ಹೊಲಿದು ಒಂದೇ ಉದ್ದನೆಯ ಫೈಲ್ ಮಾಡಬೇಕು.

ಹೊಲಿಯುವ ಮುಂಚೆ ಎಲ್ಲ ತುಣುಕುಗಳ ಅಳತೆ ಒಂದೇ ಆಗಿರಬೇಕು. ಇಲ್ಲಿ ಒಂದು 4ಕೆ, ಒಂದು ಹಳೆಯ ಚೌಕ ಆಕಾರ, ಒಂದು ಸೆಕೆಂಡಿಗೆ ಅರವತ್ತು ಚಿತ್ರದ್ದು. ಈ ಟಿವಿಯ ಪರದೆಯೇ 1366ಕ್ಕೆ 768 ಬಿಂದುಗಳದ್ದಾದ್ದರಿಂದ 4ಕೆ ಹಾಕಿದರೂ ಕಣ್ಣಿಗೆ ಹೆಚ್ಚೇನೂ ಸಿಗದು. ಎಲ್ಲವನ್ನೂ 1280ಕ್ಕೆ 720ಕ್ಕೆ ಇಳಿಸಿದೆ. ನಾನು ಬಳಸುವುದು ffmpeg ಎಂಬ ಉಚಿತ ತಂತ್ರಾಂಶ. ಪ್ರತಿ ತುಣುಕಿಗೂ ಇದೇ ಆಜ್ಞೆ:

```
ffmpeg -i in.mp4 -vf "scale=1280:720:force_original_aspect_ratio=decrease,pad=1280:720:(ow-iw)/2:(oh-ih)/2,setsar=1,fps=25" -c:v libx264 -profile:v high -level 4.0 -pix_fmt yuv420p -b:v 4M -c:a aac -ar 48000 -ac 2 -b:a 128k 01.mp4
```

ಆಕಾರ ಬೇರೆಯಿದ್ದರೆ ಚಿತ್ರವನ್ನು ಎಳೆದು ಹಿಗ್ಗಿಸದೆ ಪಕ್ಕದಲ್ಲಿ ಕಪ್ಪು ಅಂಚು ಕೊಡುವುದು `pad` ಭಾಗದ ಕೆಲಸ. `yuv420p` ಇರಲೇಬೇಕು, ಕೆಲವು ಎಡಿಟಿಂಗ್ ತಂತ್ರಾಂಶಗಳು ಬೇರೆ ಬಗೆಯ ಬಣ್ಣದ ಲೆಕ್ಕದಲ್ಲಿ ಕೊಡುವ ಎಚ್.264 ಫೈಲ್ ಲ್ಯಾಪ್‌ಟಾಪ್‌ನಲ್ಲಿ ಓಡಿದರೂ ಟಿವಿಯಲ್ಲಿ ಓಡುವುದಿಲ್ಲ.

ಮೊದಲ ಹೊಲಿಗೆ ಕೆಟ್ಟಿತು. ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸುವ ತುಣುಕು ಬಂದ ಮೇಲೆ ಡಾಕ್ಟರ ತುಟಿಗೂ ಮಾತಿಗೂ ತಾಳೆಯೇ ಇಲ್ಲ. ಆ ತುಣುಕು ಮೂಕಚಿತ್ರವಾಗಿತ್ತು. ಧ್ವನಿ ಸಣ್ಣದಾಗಿತ್ತು ಎಂದಲ್ಲ, ಧ್ವನಿಯ ಪಟ್ಟಿಯೇ ಅದರಲ್ಲಿರಲಿಲ್ಲ. ಹೊಲಿದಾಗ ಮುಂದಿನ ತುಣುಕಿನ ಧ್ವನಿ ಆ ಖಾಲಿ ಜಾಗಕ್ಕೆ ಜರುಗಿಬಿಟ್ಟಿತ್ತು. ಅದಕ್ಕೆ ಅಷ್ಟೇ ಉದ್ದದ ಮೌನವನ್ನು ಧ್ವನಿಪಟ್ಟಿಯಾಗಿ ಸೇರಿಸಿದ ಮೇಲೆ ಸರಿಹೋಯಿತು. ನಂತರ ಹೆಸರುಗಳನ್ನೆಲ್ಲ `list.txt` ಎಂಬ ಫೈಲ್‌ನಲ್ಲಿ ಸಾಲಾಗಿ `file '01.mp4'` ಎಂಬಂತೆ ಬರೆದು ಜೋಡಿಸಿದೆ, ಜೋಡಿಸಿದ್ದನ್ನು ಮತ್ತೆ ಐದು ಸಲ ಸಾಲಾಗಿ ಇಟ್ಟೆ:

```
ffmpeg -f concat -safe 0 -i list.txt -c copy one.mp4
ffmpeg -stream_loop 4 -i one.mp4 -c copy final.mp4
```

ಐದೇ ಯಾಕೆ? ಒಂದು ಸುತ್ತು 22 ನಿಮಿಷ. ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಎಂದರೆ ಅರ್ಧ ಮೆಗಾಬೈಟ್, ಧ್ವನಿ ಸೇರಿ ಸುತ್ತಿಗೆ ಸುಮಾರು 680 ಎಂಬಿ. ಐದು ಸುತ್ತಿಗೆ 3.4 ಜಿಬಿ. ಪೆನ್‌ಡ್ರೈವ್ `FAT32` ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. `exFAT` ಆದರೆ ಆ ಮಿತಿ ಇಲ್ಲ, ಆದರೆ ಎಲ್ಲ ಟಿವಿಗಳೂ ಅದನ್ನು ಓದುವುದಿಲ್ಲ. `FAT32` ಓದದ ಟಿವಿಯನ್ನು ನಾನು ಈವರೆಗೆ ಕಂಡಿಲ್ಲ. ಐದು ಸುತ್ತಾದರೆ ಹತ್ತಿರ ಹತ್ತಿರ ಎರಡು ಗಂಟೆಗೊಮ್ಮೆ ಮಾತ್ರ ಆ ಮೂರು ಸೆಕೆಂಡಿನ ಕಪ್ಪು. ರಿಮೋಟ್‌ನಲ್ಲಿ `Repeat One` ಆರಿಸಿ, ಫೈಲ್‌ನ ಕೊನೆಯ ಅರ್ಧ ನಿಮಿಷಕ್ಕೆ ಓಡಿಸಿಕೊಂಡು ಹೋಗಿ, ತಿರುಗಿ ಮೊದಲಿನಿಂದ ಶುರುವಾಗುವುದನ್ನು ಕಣ್ಣಾರೆ ನೋಡಿದ ಮೇಲೆ ಎದ್ದೆ.

ಮೊದಲು ಅವರ ಬಳಿ ಇದ್ದ ಏಳು ತುಣುಕುಗಳ ಒಟ್ಟು ಉದ್ದ ಐದು ನಿಮಿಷವೂ ಇರಲಿಲ್ಲ, 22 ನಿಮಿಷ ಆದದ್ದು ಆಮೇಲೆ. ಅದಕ್ಕೆ ಕಾರಣ ರಿಸೆಪ್ಷನ್ ಹುಡುಗಿ. ನಾನು ಕೆಲಸ ಮಾಡುತ್ತಿದ್ದಾಗ ಮೆಲ್ಲಗೆ ಬಂದು, "ಅಣ್ಣಾ, ಧ್ವನಿ ತೆಗೆದರೆ ಡಾಕ್ಟರ್ ಬೈಯುತ್ತಾರಾ?" ಎಂದಳು. ಲೆಕ್ಕ ಹಾಕಿ ನೋಡಿದೆ. ಎಂಟು ಗಂಟೆಯ ದಿನದಲ್ಲಿ ಐದು ನಿಮಿಷದ ಸುತ್ತು ಎಂದರೆ ಡಾಕ್ಟರ ಸ್ವಾಗತವನ್ನು ಅವಳು ದಿನಕ್ಕೆ ತೊಂಬತ್ತಾರು ಸಲ ಕೇಳಬೇಕು. ರೋಗಿ ಒಮ್ಮೆ ಬಂದು ಅರ್ಧ ಗಂಟೆ ಕೂತು ಹೋಗುವವನು. ನಿಜವಾದ ಪ್ರೇಕ್ಷಕಿ ಅವಳೇ. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ಹಾಗಾದರೆ ಧ್ವನಿ ಬೇಡವೇ ಬೇಡ, ಬರಹ ಹಾಕೋಣ ಎಂದರು. ಒಂದು ತುಣುಕಿನ ಹಿಂದೆ ಸಿನಿಮಾ ಹಾಡು ಹಾಕಿದ್ದರು, ಸಾರ್ವಜನಿಕ ಜಾಗದಲ್ಲಿ ಅದನ್ನು ನುಡಿಸಲು ಪರವಾನಗಿ ಬೇಕು. ಧ್ವನಿ ನಿಲ್ಲಿಸಿದ್ದರಿಂದ ಆ ಚಿಂತೆಯೂ ಕಳೆಯಿತು. ಅರ್ಧ ಬೆಲೆಗೆ ಹಲ್ಲು ಕಟ್ಟಿಸಿಕೊಳ್ಳಿ ಎಂಬ ಒಂದು ಸ್ಲೈಡ್ ಇತ್ತು. ರೋಗಿಗಳನ್ನು ಸೆಳೆಯುವ ಜಾಹೀರಾತಿಗೆ ತಮ್ಮ ವೃತ್ತಿಯ ನೀತಿಸಂಹಿತೆ ಒಪ್ಪುವುದಿಲ್ಲ ಎಂದು ಅದನ್ನು ಡಾಕ್ಟರೇ ತೆಗೆಸಿದರು. ಉಳಿದ ಜಾಗಕ್ಕೆ ಹಲ್ಲು ಕಿತ್ತ ಮೇಲೆ ಏನು ಮಾಡಬೇಕು, ಬೇರಿನ ಚಿಕಿತ್ಸೆಗೆ ಎಷ್ಟು ಸಲ ಬರಬೇಕಾಗುತ್ತದೆ ಎಂಬಂಥ, ಕೂತವರು ಹೇಗೂ ಕೇಳುವ ಪ್ರಶ್ನೆಗಳ ಉತ್ತರ ಬಂದವು.

ಬರಹ ಎಂದಾಗ ಕನ್ನಡದ ಹಳೆಯ ತಂಟೆ ಎದುರಾಯಿತು. ಮೊದಲು ವಿಡಿಯೊ ಜೊತೆಗೆ ಬೇರೆ ಫೈಲ್ ಆಗಿ ಸಬ್‌ಟೈಟಲ್ ಇಟ್ಟು ನೋಡಿದೆ. ಟಿವಿಯೊಳಗೆ ಕನ್ನಡದ ಅಕ್ಷರಗಳೇ ಇಲ್ಲ, ಸಾಲು ಸಾಲು ಚೌಕಗಳು ಬಂದವು. ಆ ಹುಡುಗ ತನ್ನ ಎಡಿಟಿಂಗ್ ತಂತ್ರಾಂಶದಲ್ಲೇ ಬರಹ ಕೂರಿಸಿ ಕಳಿಸಿದ. ಅದರಲ್ಲಿ ಅಕ್ಷರ ಬಂದವು, ಒತ್ತು ಕೂರಲಿಲ್ಲ. "ಹಲ್ಲು" ಎಂಬುದು "ಹಲ್‌ಲು" ಎಂದು, "ಚಿಕಿತ್ಸೆ" ಎಂಬುದು "ಚಿಕಿತ್‌ಸೆ" ಎಂದು ಬಿಡಿಬಿಡಿಯಾಗಿ ನಿಂತಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲೇ ಮುರಿದಿದ್ದರೆ ಹೇಗೆ? ಒತ್ತಕ್ಷರ ಜೋಡಿಸುವ ಕೆಲಸವನ್ನು ಆ ತಂತ್ರಾಂಶ ಮಾಡುವುದಿಲ್ಲ. ಅಂಥದ್ದರಲ್ಲಿ ಕೆಲವರು ಹಳೆಯ ನುಡಿ ಫಾಂಟ್‌ಗಳನ್ನು ಬಳಸಿ ದಾರಿ ಕಂಡುಕೊಳ್ಳುತ್ತಾರೆ, ಆಗ ಯೂನಿಕೋಡ್‌ನಲ್ಲಿ ಬರೆದದ್ದನ್ನೆಲ್ಲ ಮತ್ತೆ ಬದಲಾಯಿಸಬೇಕು. ನಾನು ಸುಲಭದ ದಾರಿ ಹಿಡಿದೆ. ಬರಹವನ್ನು ಸ್ಲೈಡ್‌ಗಳಾಗಿ ಲಿಬ್ರೆಆಫೀಸ್‌ನಲ್ಲಿ ಬರೆದು, ಪ್ರತಿಯೊಂದನ್ನೂ ಚಿತ್ರವಾಗಿ ಉಳಿಸಿ, ಆ ಚಿತ್ರಗಳನ್ನೇ ವಿಡಿಯೊಕ್ಕೆ ಸೇರಿಸಿದೆ. ಚಿತ್ರವಾದ ಮೇಲೆ ಒತ್ತು ಅಲುಗುವುದಿಲ್ಲ. ಒಂದು ಸ್ಲೈಡ್‌ಗೆ ಮೂರು ಸಾಲು, ಸ್ಲೈಡ್ ಹನ್ನೆರಡು ಸೆಕೆಂಡು ನಿಲ್ಲಬೇಕು. ಮೊದಲು ಆರು ಸೆಕೆಂಡು ಇಟ್ಟಿದ್ದೆ, ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಸ್ಲೈಡ್ ಹೋಗಿಬಿಡುತ್ತಿತ್ತು.

ಇನ್ನು ಒಂದೂವರೆಯ ಸಂಗತಿ. ಬೋರ್ಡ್ ಬಿಸಿಯಾಗಿ ಆಫ್ ಆಗುತ್ತದೆ ಎಂಬ ಮಾತನ್ನು ನಾನು ಒಪ್ಪದಿರಲು ಕಾರಣವಿತ್ತು. ಬಿಸಿಯಿಂದ ನಿಂತ ಟಿವಿ ಆ ಕೂಡಲೇ ಹಾಕಿದರೆ ಬರುವುದಿಲ್ಲ, ಬಂದರೂ ಸ್ವಲ್ಪ ಹೊತ್ತಿಗೇ ಮತ್ತೆ ನಿಲ್ಲುತ್ತದೆ, ಬೇಸಿಗೆಯ ದಿನ ಬೇಗ, ಮೋಡದ ದಿನ ತಡ. ಇದು ಆಫ್ ಆದಾಗ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತಂತೆ, ರಿಮೋಟ್ ಒತ್ತಿದ ಕೂಡಲೇ ಬರುತ್ತಿತ್ತಂತೆ. ಯಾರೋ ರಿಮೋಟ್‌ನಿಂದ ಆಫ್ ಮಾಡಿದ ಹಾಗೆ. ಆದರೆ ಹುಡುಗಿ ಹೇಳಿದ ಒಂದು ಮಾತು ಗೊಂದಲ ತಂದಿತು: ದಿನವೂ ಅಲ್ಲ, ಕೆಲವು ದಿನ ಆಗುವುದಿಲ್ಲ. ಹೊತ್ತು ಬರೆದಿಡಲು ಹೇಳಿದೆ. ಅಪಾಯಿಂಟ್‌ಮೆಂಟ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಳು. ಹಾಕಿದ್ದು 9.32, ಆಫ್ 1.32. ಮರುದಿನ 9.28, 1.28. ಮೂರನೆಯ ದಿನ ಆಗಿಲ್ಲ. ನಾಲ್ಕನೆಯ ದಿನ 9.41, 1.41.

ಸರಿಯಾಗಿ ನಾಲ್ಕು ಗಂಟೆ. ಬೋರ್ಡ್‌ಗೆ ಬಿಸಿಯಾಗುವುದರಲ್ಲಿ ಇಷ್ಟು ನಿಷ್ಠೆ ಇರುವುದಿಲ್ಲ. ಟಿವಿಯ ಟೈಮರ್ ಸೆಟ್ಟಿಂಗ್‌ನೊಳಗೆ `Auto Power Off` ಎಂಬುದು `4 hours` ಎಂದಿತ್ತು. ರಿಮೋಟ್ ಮುಟ್ಟದೆ ನಾಲ್ಕು ಗಂಟೆ ಕಳೆದರೆ ನೋಡುವವರು ನಿದ್ದೆ ಹೋಗಿದ್ದಾರೆಂದು ಭಾವಿಸಿ ಕರೆಂಟ್ ಉಳಿಸುವ ಏರ್ಪಾಡು ಅದು, ವಿಡಿಯೊ ಓಡುತ್ತಿದ್ದರೂ ಲೆಕ್ಕಕ್ಕಿಲ್ಲ. ಬಹಳಷ್ಟು ಟಿವಿಗಳಲ್ಲಿ ಇದು ಕೊಂಡಾಗಲೇ ಇರುತ್ತದೆ. ಆಫ್ ಆಗದಿದ್ದ ಮೂರನೆಯ ದಿನ ಏನು ವಿಶೇಷ ಎಂದು ಕೇಳಿದೆ. ಅಂದು ಕೊಬ್ಬರಿ ಹರಾಜಿನ ದಿನ, ಹೊರಗೆ ಜನ ಜಾಸ್ತಿ, ಆಗಿನ್ನೂ ಧ್ವನಿ ತೆಗೆದಿರಲಿಲ್ಲ, ಗಲಾಟೆಗೆ ಹನ್ನೊಂದರ ಹೊತ್ತಿಗೆ ಅದನ್ನು ಒಂದಿಷ್ಟು ಏರಿಸಿದ್ದಳು. ಆ ಒಂದು ಒತ್ತಿಗೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಿತ್ತು, ಮಧ್ಯಾಹ್ನ ಎರಡಕ್ಕೆ ಅವರೇ ಬಾಗಿಲು ಹಾಕಿದ್ದರು.

ಆಫ್ ಆಗುವ ಮುಂಚೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಯಾವುದಾದರೂ ಗುಂಡಿ ಒತ್ತಿ ಎಂದು. ಒಂದು ತಿಂಗಳು ಅದು ಯಾರಿಗೂ ಕಾಣದೆ ಹೋದದ್ದು ಹೇಗೆ? ಟಿವಿ ಇರುವುದು ಹುಡುಗಿಯ ಬೆನ್ನ ಹಿಂದೆ. ಎದುರಿಗೆ ಕೂತ ರೋಗಿಗಳು ದಿನವೂ ಓದಿದ್ದಾರೆ, ಯಾರೂ ತಮಗೆ ಸಂಬಂಧಿಸಿದ್ದೆಂದು ತಿಳಿದಿಲ್ಲ. ಸೆಟ್ಟಿಂಗ್ ಅನ್ನು `Off` ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಅದರ ಪಕ್ಕದಲ್ಲೇ ಇದ್ದ `Sleep Timer` ಮತ್ತು `No Signal Power Off` ಕೂಡ ನೋಡಿದೆ. ಬೆಳಕಿನ ಮಟ್ಟವನ್ನು ಅರ್ಧಕ್ಕೆ ಇಳಿಸಿದೆ. ಅಂಗಡಿಯಲ್ಲಿ ಕಣ್ಣು ಕುಕ್ಕುವಂತೆ ಇಟ್ಟಿರುವ ಬೆಳಕು ಸಣ್ಣ ಕೋಣೆಗೆ ಬೇಡ, ದಿನಕ್ಕೆ ಎಂಟು ಗಂಟೆ ಉರಿಯುವ ದೀಪಕ್ಕೂ ಅದು ಒಳ್ಳೆಯದಲ್ಲ.

ಪೂರ್ತಿ ಗೆಲ್ಲಲಾಗದ್ದು ಕರೆಂಟ್ ಹೋಗಿ ಬರುವುದನ್ನು. ಬಂದಾಗ ಟಿವಿ ಕೆಂಪು ದೀಪದಲ್ಲಿ ನಿಂತಿರುತ್ತದೆ. ಹಾಕಿದರೆ ಮುಖಪುಟ ಬರುತ್ತದೆ, ಅಲ್ಲಿಂದ ಪೆನ್‌ಡ್ರೈವ್, ವಿಡಿಯೊ, ಫೈಲ್, ಓಕೆ, ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಬೇಕೇ ಎಂಬ ಪ್ರಶ್ನೆ, ಮತ್ತೆ `Repeat One`, ಏಕೆಂದರೆ ಅದನ್ನು ಈ ಟಿವಿ ನೆನಪಿಟ್ಟುಕೊಳ್ಳುವುದಿಲ್ಲ. ಒಟ್ಟು ಒಂಬತ್ತು ಒತ್ತು ಎಣಿಸಿದೆ. ಹೋಟೆಲ್ ಮತ್ತು ಅಂಗಡಿಗಳಿಗೆಂದೇ ಮಾಡಿದ ಕೆಲವು ಟಿವಿಗಳಲ್ಲಿ ಕರೆಂಟ್ ಬಂದ ಕೂಡಲೇ ಪೆನ್‌ಡ್ರೈವ್ ತಾನಾಗಿ ಓಡುವ ಸೌಲಭ್ಯವಿರುತ್ತದೆ, ಇದು ಮನೆಯ ಟಿವಿ. ಆಸ್ಪತ್ರೆಯಲ್ಲಿ ಇನ್ವರ್ಟರ್ ಇತ್ತು, ಟಿವಿಯ ಪ್ಲಗ್ ಮಾತ್ರ ಅದರ ಲೈನ್‌ನಲ್ಲಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಲೈನ್‌ಗೆ ಹಾಕಿಸಿದೆವು. ಇಷ್ಟು ಸಣ್ಣ ಟಿವಿ ಎಳೆಯುವುದು ಒಂದು ಫ್ಯಾನ್‌ನಷ್ಟೇ. ಆದರೂ ಕರೆಂಟ್ ಹೋದಾಗ ಟಿವಿ ಒಮ್ಮೆ ಮಿಟುಕಿ ಆಫ್ ಆಯಿತು. ಇನ್ವರ್ಟರ್ ಹಿಂಭಾಗದ ಸ್ವಿಚ್ `ECO` ಕಡೆಗಿತ್ತು. `UPS` ಕಡೆಗೆ ತಿರುಗಿಸಿದರೆ ಲೈನ್‌ನಿಂದ ಬ್ಯಾಟರಿಗೆ ಬೇಗ ಜಿಗಿಯುತ್ತದೆ. ತಿರುಗಿಸಿದ ಮೇಲೆ ಮೇನ್ ಸ್ವಿಚ್ ಐದು ಸಲ ತೆಗೆದು ಹಾಕಿ ನೋಡಿದೆ, ಐದು ಸಲವೂ ವಿಡಿಯೊ ನಿಲ್ಲಲಿಲ್ಲ.

ಬೆಳಗ್ಗೆ ಮತ್ತು ಸಂಜೆ ನಾಲ್ಕಕ್ಕೆ ಆ ಒಂಬತ್ತು ಒತ್ತು ಉಳಿದೇ ಇವೆ. ಕರೆಂಟ್ ಕೊಟ್ಟ ಕೂಡಲೇ ಓಡುವ ಪುಟ್ಟ ಪ್ಲೇಯರ್ ಪೆಟ್ಟಿಗೆಗಳು ಸಿಗುತ್ತವೆ, ಟಿವಿಯ ಎಚ್‌ಡಿಎಂಐಗೆ ಸಿಕ್ಕಿಸಿದರೆ ಸಾಕು ಎಂದು ಡಾಕ್ಟರಿಗೆ ಹೇಳಿದೆ. ದಿನಕ್ಕೆ ಎರಡು ಸಲಕ್ಕೆ ಇನ್ನೊಂದು ಪೆಟ್ಟಿಗೆ ಏಕೆ ಎಂದರು. ಒತ್ತುಗಳ ಕ್ರಮವನ್ನು ಕಾಗದದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಮೇಜಿನ ಒಳಬದಿಗೆ ಅಂಟಿಸಿದೆ.

ಮೂರು ವಾರದ ನಂತರ ಮತ್ತೆ ಕರೆ. ಟಿವಿ ನಿಂತಿದೆ, ಪೆನ್‌ಡ್ರೈವ್ ಕಾಣುತ್ತಿಲ್ಲ. ಹೋಗಿ ನೋಡಿದರೆ ಪೆನ್‌ಡ್ರೈವ್ ನೀರಿನ ಕ್ಯಾನ್ ಮೇಲಿತ್ತು. ಅದರ ಜಾಗದಲ್ಲಿ ಒಂದು ಚಾರ್ಜರ್ ವೈರ್, ವೈರಿನ ತುದಿಯಲ್ಲಿ ರೋಗಿಯೊಬ್ಬರ ಜೊತೆಗೆ ಬಂದವರ ಮೊಬೈಲ್. ಅವರು ನನ್ನನ್ನು ನೋಡಿ, "ಇಲ್ಲಿ ಬಹಳ ನಿಧಾನ ಹತ್ತುತ್ತದೆ ಸ್ವಾಮಿ" ಎಂದರು. ಈಗ ಅಲ್ಲಿರುವುದು ಉಗುರಿನಷ್ಟೇ ಹೊರಗೆ ಕಾಣುವ ಗಿಡ್ಡ ಪೆನ್‌ಡ್ರೈವ್, ಅದೇ ಫೈಲ್‌ನ ಇನ್ನೊಂದು ಪ್ರತಿ ಹುಡುಗಿಯ ಡ್ರಾಯರ್‌ನಲ್ಲಿದೆ, ಮತ್ತು ಕುರ್ಚಿಗಳ ಪಕ್ಕದ ಗೋಡೆಗೆ ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಒಂದು ಪ್ಲಗ್ ಹಾಕಿಸಿದ್ದಾರೆ.